‘ಏನನ್ಸುತ್ತೆ ಮಿಸ್?’ ಎಂದಷ್ಟೇ ಕೇಳಿ ಮಗುವಿನ ಚಿತ್ರ ಕಳಿಸಿದರೆ

ಪ್ರಶ್ನೆ: ಸಾಗರದ ಹತ್ತಿರ ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಕ್ಕಳು ಮನೆಯಲ್ಲಿ ಬಿಡಿಸಿದ ಚಿತ್ರದ ಫೋಟೋವನ್ನು ಅಮ್ಮಂದಿರು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಜೊತೆಗೆ ‘ಏನನ್ಸುತ್ತೆ ಮಿಸ್?’ ಅಂತ ಒಂದೇ ಸಾಲು. ನಾನು ‘ಸೂಪರ್’ ಅಂತ ಬರೆದು ಒಂದು ಹೂ ಹಾಕುತ್ತಿದ್ದೆ. ಮೊನ್ನೆ ಒಬ್ಬರು ‘ಎಲ್ರಿಗೂ ಅದೇ ಹೇಳ್ತೀರಲ್ಲ’ ಅಂದರು. ಅವರ ಮಗಳಿಗೆ ಐದು ವರ್ಷ ನಾಲ್ಕು ತಿಂಗಳು. ಅವಳ ಚಿತ್ರದಲ್ಲಿ ಮನೆಯ ಗೋಡೆ ಇದ್ದರೂ ಒಳಗಿರುವುದೆಲ್ಲ ಕಾಣುತ್ತದೆ: ಮಂಚದ ಮೇಲೆ ಅಜ್ಜಿ, ಫ್ಯಾನು. ಹಸುವಿನ ಹೊಟ್ಟೆಯಲ್ಲಿ ಕರು ಇದೆ. ಗೇಟಿನ ಹತ್ತಿರ ಬಹಳ ಸಣ್ಣದೊಂದು ಆಕೃತಿ. ಮನೆಯ ಮಾಡಿಗೆ ಒತ್ತಿ ಒತ್ತಿ ಕಪ್ಪು ಬಳಿದಿದ್ದಾಳೆ. ಕಪ್ಪು ನೋಡಿ ನನಗೆ ಸ್ವಲ್ಪ ಯೋಚನೆ ಆಯಿತು. ಸುಳ್ಳು ಹೊಗಳದೆ, ನೋಯಿಸದೆ ಏನು ಬರೆಯಲಿ?

ಉತ್ತರ: ಮೊದಲು ಕಪ್ಪಿನ ವಿಷಯ ಮುಗಿಸೋಣ. ಅದು ತಲೆಯಲ್ಲಿ ಕೂತಿದ್ದರೆ ಚಿತ್ರದ ಉಳಿದ ಭಾಗ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಪ್ಪು ಬಳಿದ ಮಗುವಿಗೆ ದುಃಖ, ಕೆಂಪು ಬಳಿದ ಮಗುವಿಗೆ ಸಿಟ್ಟು ಎಂಬ ನಂಬಿಕೆ ಬಹಳ ಹರಡಿದೆ. ಒಂದೇ ಚಿತ್ರದ ಬಣ್ಣ ನೋಡಿ ಮಗುವಿನ ಮನಸ್ಸು ಓದಬಹುದು ಎನ್ನುವುದಕ್ಕೆ ಆಧಾರವಿಲ್ಲ. ನಾಲ್ಕರಿಂದ ಆರು ವರ್ಷದವರೆಗೆ ಬಣ್ಣಕ್ಕೂ ವಸ್ತುವಿಗೂ ಗಟ್ಟಿ ನಂಟು ಇರುವುದಿಲ್ಲ, ಅದು ಏಳರ ಆಸುಪಾಸಿನಲ್ಲಿ ನಿಧಾನಕ್ಕೆ ಬೆಳೆಯುತ್ತದೆ. ಅಲ್ಲಿಯವರೆಗೆ ಮಗು ಬಣ್ಣ ಆರಿಸುವುದಕ್ಕೆ ಕಾರಣಗಳು ತೀರ ಸರಳವಾಗಿರುತ್ತವೆ. ಬಿಳಿ ಹಾಳೆಯ ಮೇಲೆ ಕಪ್ಪು ಎಲ್ಲಕ್ಕಿಂತ ಎದ್ದು ಕಾಣುತ್ತದೆ. ಉಳಿದ ಕ್ರೇಯಾನ್‌ಗಳು ಮುರಿದು ಮೊಂಡಾಗಿದ್ದಾಗ ಕೈಗೆ ಸಿಗುವ ಉದ್ದದ ಕಡ್ಡಿ ಕಪ್ಪೇ ಆಗಿರಬಹುದು. ಇನ್ನು, ನಿಮ್ಮ ಕಡೆ ಮೂರು ತಿಂಗಳು ಮಳೆ ಕುಡಿದ ಹೆಂಚಿನ ಬಣ್ಣ ಯಾವುದು? ಹಾವಸೆ ಒಣಗಿ ಕಪ್ಪಾದ ಮಾಡನ್ನು ದಿನವೂ ನೋಡುವ ಮಗು ಅದಕ್ಕೆ ಇಟ್ಟಿಗೆಗೆಂಪು ಬಳಿಯಬೇಕು ಎಂದು ನಾವು ಬಯಸುವುದು ಪಠ್ಯಪುಸ್ತಕದ ಮನೆ ನೋಡಿ ನೋಡಿ ಬಂದ ಅಭ್ಯಾಸ. ಆ ಮಗುವಿನ ಕಾರಣ ಇವುಗಳಲ್ಲಿ ಯಾವುದು ಎಂದು ನೀವೂ ಊಹಿಸಬೇಕಿಲ್ಲ, ನಾನೂ ಊಹಿಸುವುದಿಲ್ಲ. ಅದನ್ನು ಅವಳಿಂದಲೇ ತಿಳಿಯುವುದು ಹೇಗೆಂದು ಮುಂದೆ ಹೇಳುತ್ತೇನೆ.

ಗೋಡೆಯಾಚೆ ಕಾಣುವ ಅಜ್ಜಿ, ಹೊಟ್ಟೆಯೊಳಗೆ ಕಾಣುವ ಕರು, ಇವೆರಡೂ ಒಂದೇ ಜಾತಿಯವು. ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ 1927ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಈ ವಯಸ್ಸಿನ ಮಗು ಬಿಡಿಸುವುದು ತಾನು ನಿಂತ ಜಾಗದಿಂದ ಕಣ್ಣಿಗೆ ಕಂಡದ್ದನ್ನಲ್ಲ, ಆ ವಸ್ತುವಿನ ಬಗ್ಗೆ ತನಗೆ ಗೊತ್ತಿರುವುದನ್ನು. ಮನೆಯೊಳಗೆ ಅಜ್ಜಿ ಇದ್ದಾಳೆ ಎಂದು ಗೊತ್ತು, ಆದ್ದರಿಂದ ಬಿಡಿಸುತ್ತದೆ. ಗೋಡೆ ಇದೆ ಎಂದೂ ಗೊತ್ತು, ಅದನ್ನೂ ಬಿಡಿಸುತ್ತದೆ. ಒಂದು ಇನ್ನೊಂದನ್ನು ಮುಚ್ಚಬೇಕು ಎಂಬ ಲೆಕ್ಕ ಬರುವುದು ಸುಮಾರು ಎಂಟು ಒಂಬತ್ತರ ಹೊತ್ತಿಗೆ. ಹಸುವಿನ ನಾಲ್ಕೂ ಕಾಲು ಒಂದೇ ಸಾಲಿನಲ್ಲಿ ಇದ್ದರೆ ಅದಕ್ಕೂ ಇದೇ ಕಾರಣ. ಆದ್ದರಿಂದ ‘ಗೋಡೆ ಇದ್ರೆ ಒಳಗಿಂದು ಹೇಗೆ ಕಾಣುತ್ತೆ ಪುಟ್ಟೀ?’ ಎಂದು ನಗುತ್ತಾ ಕೇಳಿದರೂ ಅದು ತಿದ್ದುಪಡಿಯೇ ಆಗುತ್ತದೆ. ಆ ತಿದ್ದುಪಡಿ ಅವಳಿಗೆ ಅರ್ಥವೂ ಆಗುವುದಿಲ್ಲ.

ಗೇಟಿನ ಹತ್ತಿರದ ಸಣ್ಣ ಆಕೃತಿಯ ಬಗ್ಗೆಯೂ ಅವಸರ ಬೇಡ. ‘ಅಪ್ಪನನ್ನು ಚಿಕ್ಕದಾಗಿ ಬಿಡಿಸಿದ್ದಾಳೆ, ಮನೆಯಲ್ಲಿ ಏನೋ ಇದೆ’ ಎಂಬ ತೀರ್ಮಾನಕ್ಕೆ ಹೋಗುವವರು ಬಹಳ. ಮಕ್ಕಳು ಹಾಳೆಯನ್ನು ಮೊದಲೇ ಅಳೆದು ಹಂಚಿಕೊಳ್ಳುವುದಿಲ್ಲ. ಮೊದಲು ಬಿಡಿಸಿದ್ದು ಜಾಗ ತುಂಬಿಕೊಳ್ಳುತ್ತದೆ, ಕೊನೆಗೆ ನೆನಪಾದದ್ದು ಉಳಿದ ಸಂದಿಯಲ್ಲಿ ತೂರಿಕೊಳ್ಳುತ್ತದೆ. ಯಾವುದು ಮೊದಲು, ಯಾವುದು ಕೊನೆಗೆ ಎಂಬುದು ಪಕ್ಕದಲ್ಲಿ ಕೂತು ನೋಡಿದವರಿಗೆ ಗೊತ್ತೇ ಹೊರತು ಫೋಟೋ ನೋಡಿದವರಿಗೆ ಗೊತ್ತಾಗುವುದಿಲ್ಲ.

ಫೋಟೋ ಇನ್ನೂ ಕೆಲವನ್ನು ನುಂಗುತ್ತದೆ. ಚಾಟ್‌ನಲ್ಲಿ ಕಾಣುವ ಚಿಕ್ಕ ಚಿತ್ರದಲ್ಲಿ ಉದ್ದನೆಯ ಹಾಳೆಯ ಮೇಲಿನ ಮತ್ತು ಕೆಳಗಿನ ಅಂಚು ಕತ್ತರಿಸಿಹೋಗಿರುತ್ತದೆ. ಈ ವಯಸ್ಸಿನವರು ಆಕಾಶವನ್ನು ಹಾಳೆಯ ಮೇಲ್ತುದಿಯಲ್ಲಿ ಒಂದು ನೀಲಿ ಪಟ್ಟಿಯಾಗಿಯೂ ನೆಲವನ್ನು ಕೆಳತುದಿಯಲ್ಲಿ ಒಂದು ಗೆರೆಯಾಗಿಯೂ ಬಿಡಿಸುವುದರಿಂದ ಮೊದಲು ಕಳೆದುಹೋಗುವುದು ಅವೇ. ಆದ್ದರಿಂದ ಚಿತ್ರವನ್ನು ಒತ್ತಿ ಪೂರ್ತಿ ತೆರೆಯಿರಿ, ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ, ಆಮೇಲೆ ಮಧ್ಯಕ್ಕೆ ಬನ್ನಿ. ಒಂದು ನಿಮಿಷ ಸಾಕು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಹಳದಿ ಕ್ರೇಯಾನ್ ಮಾಯವಾಗುವುದುಂಟು. ‘ಸೂರ್ಯ ಎಲ್ಲಿ?’ ಎಂದು ನೀವು ಕೇಳಿದರೆ ಮಗು ಹಾಳೆಯಲ್ಲಿರುವ ಸೂರ್ಯನನ್ನು ಕಣ್ಣೆದುರೇ ನೋಡುತ್ತಾ ಗೊಂದಲಕ್ಕೆ ಬೀಳುತ್ತದೆ. ಹಾಳೆಯನ್ನು ಕಿಟಕಿಯ ಪಕ್ಕ ನೆಲದ ಮೇಲಿಟ್ಟು, ಫ್ಲ್ಯಾಶ್ ಇಲ್ಲದೆ, ನಾಲ್ಕೂ ಮೂಲೆ ಬರುವಂತೆ ತೆಗೆಯಲು ಅಮ್ಮಂದಿರಿಗೆ ಒಮ್ಮೆ ಹೇಳಿಡಿ. ದಾಖಲೆಪತ್ರ ಸ್ಕ್ಯಾನ್ ಮಾಡುವ ಆ್ಯಪ್ ಬೇಡ, ಅದು ತಿಳಿಯಾದ ಪೆನ್ಸಿಲ್ ಗೆರೆಗಳನ್ನು ಕೊಳೆ ಎಂದು ತಿಳಿದು ಅಳಿಸಿಬಿಡುತ್ತದೆ.

ಈಗ ‘ಸೂಪರ್’ಗೆ ಬರೋಣ. ಅದರಿಂದ ಮಗು ಹಾಳಾಗುತ್ತದೆ ಎಂದು ಹೆದರಬೇಕಿಲ್ಲ. ಅಪರೂಪಕ್ಕೆ ಬಾಯಿಂದ ತಾನಾಗಿ ಬಂದ ‘ಆಹಾ, ಚೆನ್ನಾಗಿದೆ!’ ಯಾರಿಗೂ ಕೆಡುಕು ಮಾಡಿಲ್ಲ. ತೊಂದರೆ ಬೇರೆ ಇದೆ. ‘ಸೂಪರ್’ ಎನ್ನಲು ಚಿತ್ರ ನೋಡಲೇಬೇಕೆಂದಿಲ್ಲ, ಇದು ಐದು ವರ್ಷದವರಿಗೂ ತಿಳಿಯುತ್ತದೆ, ಆ ಅಮ್ಮನಿಗಂತೂ ತಿಳಿದೇ ಹೋಗಿದೆ. ಅವರು ಕೇಳುತ್ತಿರುವುದು ಹೆಚ್ಚಿನ ಹೊಗಳಿಕೆಯನ್ನಲ್ಲ, ನೀವು ನೋಡಿದಿರಿ ಎಂಬುದರ ಗುರುತನ್ನು.

ಹೊಗಳಿಕೆಯ ಮಾತು ಯಾವುದನ್ನು ಮುಟ್ಟುತ್ತದೆ ಎಂಬುದೂ ಮುಖ್ಯ. ಆಂಡ್ರೇ ಸಿಂಪಿಯನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಚಿತ್ರ ಬಿಡಿಸುವುದನ್ನೇ ಇಟ್ಟುಕೊಂಡಿತ್ತು. ನಾಲ್ಕು ವರ್ಷದ ಮಕ್ಕಳೊಂದಿಗೆ ಬೊಂಬೆಯಾಟ ಆಡುತ್ತಾ, ಟೀಚರ್ ಬೊಂಬೆ ಕೆಲವರಿಗೆ ‘ನೀನು ಒಳ್ಳೆಯ ಚಿತ್ರಗಾರ’ ಎಂಬರ್ಥದ ಮಾತು ಹೇಳಿತು, ಉಳಿದವರಿಗೆ ‘ಈ ಚಿತ್ರವನ್ನು ಚೆನ್ನಾಗಿ ಬಿಡಿಸಿದೆ’ ಎಂದಿತು. ಅಲ್ಲಿಯವರೆಗೆ ಎರಡೂ ಗುಂಪಿನವರು ಖುಷಿಯಾಗಿಯೇ ಇದ್ದರು. ಆಮೇಲೆ ಚಿತ್ರದಲ್ಲಿ ಏನೋ ತಪ್ಪಾದ ಸನ್ನಿವೇಶ ಬಂದಾಗ ಮೊದಲನೆಯ ಗುಂಪಿನವರು ಹೆಚ್ಚು ಕುಗ್ಗಿದರು, ಮತ್ತೆ ಬಿಡಿಸಲು ಹಿಂಜರಿದರು. ಒಳ್ಳೆಯ ಚಿತ್ರಗಾರ ಎಂಬ ಪಟ್ಟ ಸಿಕ್ಕಿದ ಮೇಲೆ ಒಂದು ಚಿತ್ರ ಕೆಟ್ಟರೆ ಪಟ್ಟವೇ ಹೋಯಿತಲ್ಲ! ‘ನಮ್ಮ ಕ್ಲಾಸಿನ ರವಿವರ್ಮ’ ಎಂದು ಪ್ರೀತಿಯಿಂದ ಬರೆಯುವ ಟೀಚರ್‌ಗಳಿದ್ದಾರೆ. ಆ ಪ್ರೀತಿಯನ್ನು ಹೆಸರಿನ ಮೇಲೆ ಇಡುವ ಬದಲು ಹಾಳೆಯ ಮೇಲಿರುವ ಒಂದು ವಿವರದ ಮೇಲೆ ಇಡಿ ಎಂಬುದಷ್ಟೇ ನನ್ನ ಸಲಹೆ.

ಉತ್ತರ ಬರೆಯುವಾಗ ನಿಮ್ಮೆದುರು ಇಬ್ಬರು ಓದುಗರಿದ್ದಾರೆ. ಮೆಸೇಜು ಹೋಗುವುದು ಅಮ್ಮನಿಗೆ, ಆದರೆ ‘ಮಿಸ್ ಏನಂದ್ರು?’ ಎಂದು ಮಗು ಪಕ್ಕದಲ್ಲೇ ಕಾಯುತ್ತಿರುತ್ತದೆ, ಅಮ್ಮ ಅದನ್ನು ಗಟ್ಟಿಯಾಗಿ ಓದುತ್ತಾರೆ. ಆದ್ದರಿಂದ ಎರಡು ಉತ್ತರ ಬೇಕು. ಮೊದಲನೆಯದು ಮಗುವಿಗೆ, ಇಪ್ಪತ್ತು ಸೆಕೆಂಡಿನ ವಾಯ್ಸ್ ಮೆಸೇಜು ಆದರೆ ತುಂಬಾ ಒಳ್ಳೆಯದು, ಏಕೆಂದರೆ ಅದಕ್ಕೆ ಓದಲು ಬರುವುದಿಲ್ಲ, ನಿಮ್ಮ ದನಿ ಗೊತ್ತು. ಎರಡನೆಯದು ಅಮ್ಮನಿಗೆ, ಬರಹದಲ್ಲಿ, ಒಂದೆರಡು ಸಾಲು.

ಮಗುವಿಗೆ ಹೇಳುವ ಮಾತಿನಲ್ಲಿ ನೀವು ಹಾಳೆಯಲ್ಲಿ ನಿಜವಾಗಿ ಕಂಡ ಎರಡು ಮೂರು ಸಂಗತಿ ಇರಲಿ, ಆಮೇಲೆ ಒಂದೇ ಒಂದು ಪ್ರಶ್ನೆ. ನಿಮ್ಮ ಆ ಹುಡುಗಿಯ ಚಿತ್ರಕ್ಕೆ ಹೀಗೆ ಹೇಳಬಹುದು:

‘ಪುಟ್ಟೀ, ನಿನ್ನ ಚಿತ್ರ ನೋಡ್ದೆ. ಹಸು ಹೊಟ್ಟೆ ಒಳಗೆ ಒಂದು ಕರು ಕಾಣಿಸ್ತು ನಂಗೆ! ಮನೆ ಒಳಗೆ ಅಜ್ಜಿ ಮಂಚದ ಮೇಲಿದಾರೆ, ಫ್ಯಾನೂ ಇದೆ. ಮಾಡಿಗೆ ಕಪ್ಪು ಬಳಿದಿದೀಯಲ್ಲ, ಗಟ್ಟಿಯಾಗಿ ಒತ್ತಿ ಬಳಿದಿದೀಯ. ಗೇಟಿನ ಹತ್ರ ಇರೋದ್ರ ಬಗ್ಗೆ ನಾಳೆ ನಂಗೆ ಹೇಳ್ತೀಯಾ?’

ಇದರಲ್ಲಿ ‘ಚೆನ್ನಾಗಿದೆ’ ಎಂಬ ಮಾತೇ ಇಲ್ಲ, ಗಮನಿಸಿ. ಆದರೂ ಇದು ತಣ್ಣಗಿನ ಉತ್ತರವಲ್ಲ, ಏಕೆಂದರೆ ಕರುವನ್ನು ಕಂಡ ನಿಮ್ಮ ಖುಷಿ ದನಿಯಲ್ಲಿ ಬರುತ್ತದೆ. ಹಾಗೆ ಖುಷಿಯಾಗದಿದ್ದರೆ ಬರಿಸಿಕೊಳ್ಳಬೇಡಿ, ಕಂಡದ್ದನ್ನು ಹೇಳಿದರೂ ಸಾಕು. ಅಜ್ಜಿ ಎಂದು ಹೇಳಬೇಕಾದರೂ ಅದು ಅಜ್ಜಿ ಎಂದು ಅಮ್ಮ ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ ‘ಮಂಚದ ಮೇಲೆ ಒಬ್ಬರು ಮಲಗಿದಾರೆ’ ಎಂದಷ್ಟೇ ಹೇಳಿ. ಗೇಟಿನ ವಿಷಯದಲ್ಲಿ ‘ಯಾರು ನಿಂತಿರೋದು?’ ಎಂದು ಕೇಳಿಲ್ಲ, ಅದು ಮನುಷ್ಯ ಅಲ್ಲದೆ ನಾಯಿಯೋ ತುಳಸಿಕಟ್ಟೆಯೋ ಆಗಿದ್ದರೆ ಅವಳ ಮುಖ ಬಾಡುತ್ತದೆ. ‘ಇದೇನು?’ ಎಂಬ ಪ್ರಶ್ನೆಯೂ ಹಾಗೆಯೇ, ನಾನು ಬಿಡಿಸಿದ್ದು ಮಿಸ್‌ಗೆ ಗೊತ್ತಾಗಲಿಲ್ಲ ಎಂದು ಮಗುವಿಗೆ ಕೇಳಿಸುತ್ತದೆ. ‘ಇದರ ಬಗ್ಗೆ ಹೇಳು’ ಎಂದರೆ ಆ ಗಂಡಾಂತರ ಇಲ್ಲ. ಇನ್ನು, ‘ಯಾಕೆ ಕಪ್ಪು?’ ಎಂದು ಕೇಳಿದರೆ ಕಪ್ಪು ತಪ್ಪಾಯಿತೇನೋ ಎಂದುಕೊಂಡು ಮುಂದಿನ ಸಲ ಕೆಂಪು ಬಳಿದು ತರುತ್ತಾಳೆ. ‘ಕಪ್ಪು ಬಳಿದಿದೀಯಲ್ಲ’ ಎಂದು ಬಿಟ್ಟರೆ ಬಹಳ ಸಲ ಕಾರಣ ತಾನಾಗಿ ಹೊರಬರುತ್ತದೆ, ‘ನಮ್ಮನೆ ಹೆಂಚು ಹಂಗೇ ಇರೋದು ಮಿಸ್’ ಎಂದೋ, ‘ರಾತ್ರಿ ಆಗಿತ್ತು’ ಎಂದೋ. ಬರದಿದ್ದರೆ ಕೆದಕಬೇಡಿ.

ಈಗ ಅಮ್ಮ. ‘ಏನನ್ಸುತ್ತೆ?’ ಎಂಬ ಒಂದು ಸಾಲಿನ ಹಿಂದೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿರಬಹುದು. ನನ್ನ ಮಗಳನ್ನು ನೋಡಿ ನೀವೂ ಖುಷಿಪಡಿ ಎಂಬುದು ಒಂದು, ಹೆಚ್ಚಿನವರದು ಇದೇ. ವಯಸ್ಸಿಗೆ ತಕ್ಕ ಹಾಗೆ ಇದೆಯಾ ಎಂಬುದು ಇನ್ನೊಂದು. ಡ್ರಾಯಿಂಗ್ ಕ್ಲಾಸಿಗೆ ಸೇರಿಸಬೇಕಾ ಎಂಬುದು ಮತ್ತೊಂದು. ಇನ್ನು ಕೆಲವರಿಗೆ ಏನೋ ಅಂಜಿಕೆ ಇರುತ್ತದೆ, ಬಾಯಿಬಿಟ್ಟು ಕೇಳಲು ಆಗುವುದಿಲ್ಲ. ಯಾವುದೆಂದು ಊಹಿಸಿ ಉತ್ತರ ಕೊಟ್ಟರೆ ಎಡವುತ್ತೀರಿ. ಖುಷಿ ಹಂಚಿಕೊಳ್ಳಲು ಬಂದವರಿಗೆ ಬೆರಳಿನ ಹಿಡಿತದ ಬಗ್ಗೆ ಪಾಠ ಹೇಳಿದರೆ ಅವರು ಮತ್ತೆ ಕಳಿಸುವುದಿಲ್ಲ. ಅಂಜಿಕೆಯಿಂದ ಬಂದವರಿಗೆ ಹೂವು ಕಳಿಸಿದರೆ ಅವರ ಅಂಜಿಕೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಹೀಗೆ ಬರೆಯಿರಿ: ‘ಅಮ್ಮಾ, ಒಳಗಿರೋದನ್ನೂ ಹೊರಗಿರೋದನ್ನೂ ಒಟ್ಟಿಗೆ ತೋರಿಸೋದು ಈ ವಯಸ್ಸಿನ ಮಕ್ಕಳ ರೀತಿ. ಅಷ್ಟೊಂದು ಸಂಗತಿ ನೆನಪಿಟ್ಟು ಒಂದು ಹಾಳೆಯಲ್ಲಿ ತಂದಿದ್ದಾಳೆ, ನಂಗೆ ನೋಡಿ ಸಂತೋಷ ಆಯ್ತು. ನೀವು ಇದ್ರಲ್ಲಿ ಬೇರೆ ಏನಾದ್ರೂ ಗಮನಿಸಿದ್ರಾ, ಏನಾದ್ರೂ ಕೇಳ್ಬೇಕು ಅಂತಿತ್ತಾ?’ ಕೊನೆಯ ವಾಕ್ಯವೇ ಇಲ್ಲಿ ಮುಖ್ಯ. ಏನೂ ಇಲ್ಲದವರು ‘ಇಲ್ಲ ಮಿಸ್, ಸುಮ್ನೆ’ ಎನ್ನುತ್ತಾರೆ. ಇದ್ದವರು ಅರ್ಧ ಗಂಟೆ ಬಿಟ್ಟು ನಿಜವಾದ ಪ್ರಶ್ನೆ ಕಳಿಸುತ್ತಾರೆ.

ಆಗ ‘ವಯಸ್ಸಿಗೆ ಸರಿ ಇದೆಯಾ?’ ಎಂದು ಬಂದರೆ, ನಿಮ್ಮ ಕೈಯಲ್ಲಿ ಒಂದು ಸ್ಥೂಲ ಅಂದಾಜು ಇರಲಿ. ನೋಡಿ ನಕಲು ಮಾಡುವುದರಲ್ಲಿ ಮಕ್ಕಳು ಸಾಮಾನ್ಯವಾಗಿ ಮೂರರ ಹೊತ್ತಿಗೆ ಸೊನ್ನೆ, ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು, ಐದರ ಹತ್ತಿರ ಚೌಕ, ಅದರ ಆಚೆಗೆ ತ್ರಿಕೋನ ಬಿಡಿಸುತ್ತಾರೆ. ಮನುಷ್ಯನನ್ನು ಬಿಡಿಸುವಾಗ ಮೂರು ನಾಲ್ಕು ವರ್ಷದವರು ದುಂಡನೆಯ ತಲೆಗೇ ನೇರವಾಗಿ ಕಾಲು ಅಂಟಿಸುತ್ತಾರೆ, ಗೊದಮೊಟ್ಟೆಯ ಹಾಗೆ. ಹೊಟ್ಟೆ ಬೇರೆಯಾಗಿ ಬರುವುದು ಆಮೇಲೆ. ಐದರ ಮಗು ಒಮ್ಮೊಮ್ಮೆ ಗೊದಮೊಟ್ಟೆಗೆ ಮರಳಿದರೂ ಗಾಬರಿ ಬೇಡ, ಸುಸ್ತಾದಾಗ, ಅವಸರದಲ್ಲಿದ್ದಾಗ, ಒಂದೇ ಹಾಳೆಯಲ್ಲಿ ಹತ್ತು ಜನರನ್ನು ಬಿಡಿಸುವಾಗ ಹಾಗಾಗುತ್ತದೆ. ನಿಮ್ಮ ಹುಡುಗಿಯ ಹಾಳೆಯಲ್ಲಿ ಗೋಡೆಯ ಚೌಕ ಮತ್ತು ಮಾಡಿನ ತ್ರಿಕೋನ ಎರಡೂ ಗುರುತು ಸಿಗುವಂತಿದ್ದರೆ ಕೈ ವಯಸ್ಸಿಗೆ ತಕ್ಕಂತೆ ನಡೆಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕಿಂತ ಮುಂದೆ ಹೋಗಿ ‘ಬುದ್ಧಿವಂತೆ’ ಎಂದು ಹೇಳಬೇಡಿ. ಮನುಷ್ಯನ ಚಿತ್ರದಲ್ಲಿ ಎಷ್ಟು ಅಂಗಗಳಿವೆ ಎಂದು ಎಣಿಸಿ ಬುದ್ಧಿಮಟ್ಟ ಅಳೆಯುವ ಪರೀಕ್ಷೆಯನ್ನು 1926ರಲ್ಲಿ ಫ್ಲಾರೆನ್ಸ್ ಗುಡೆನಫ್ ರೂಪಿಸಿದ್ದರು, ನಮ್ಮಲ್ಲೂ ಅದು ಬಳಕೆಗೆ ಬಂತು. ಆದರೆ ಅದಕ್ಕೆ ಗೊತ್ತಾದ ಸೂಚನೆ, ಗೊತ್ತಾದ ಅಂಕಪಟ್ಟಿ ಇರುತ್ತದೆ. ಅಷ್ಟಿದ್ದೂ ಒಂದು ಮಗುವಿನ ಬಗ್ಗೆ ತೀರ್ಪು ಕೊಡಲು ಅದೊಂದೇ ಸಾಲದು. ಮನೆಯಲ್ಲಿ ಬಿಡಿಸಿದ ಹಸುವಿನ ಫೋಟೋದಿಂದಂತೂ ಅದು ಆಗದ ಮಾತು.

ಡ್ರಾಯಿಂಗ್ ಕ್ಲಾಸಿನ ಪ್ರಶ್ನೆ ಬಂದರೆ ನನ್ನ ಅಭಿಪ್ರಾಯ ಸ್ಪಷ್ಟ. ಐದನೇ ವರ್ಷಕ್ಕೆ ಹಾಳೆ, ಗಟ್ಟಿ ಕ್ರೇಯಾನ್, ಅಡ್ಡಿಪಡಿಸದ ಅರ್ಧ ಗಂಟೆ ಸಾಕು. ಕ್ಲಾಸಿಗೆ ಸೇರಿಸಿದರೆ ಹೆಚ್ಚಿನ ಕಡೆ ಮೊದಲ ವಾರದಲ್ಲೇ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಹರಿಯುವ ಹೊಳೆ, ಒಂದು ಗುಡಿಸಲು, ಒಂದು ತೆಂಗಿನಮರ ಕಲಿಸುತ್ತಾರೆ. ಅದಾದ ಮೇಲೆ ಹೊಟ್ಟೆಯೊಳಗೆ ಕರು ಇರುವ ಹಸು ಹಾಳೆಗೆ ಬರುವುದು ಕಷ್ಟ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಅದೇ ಗುಡ್ಡ ಸೂರ್ಯನ ಚಿತ್ರ ನಿಮಗೂ ಬರುತ್ತದೆ. ಸ್ಕೇಲಿನಿಂದ ಎಳೆದ ಗೆರೆ, ದೊಡ್ಡವರು ತಿದ್ದಿದ ಅಂಚು, ಒಂದೇ ದಿಕ್ಕಿನಲ್ಲಿ ನೀಟಾಗಿ ತುಂಬಿದ ಬಣ್ಣ ಇದ್ದರೆ ಮನೆಯವರ ಕೈ ಸೇರಿದೆ ಎಂದು ತಿಳಿಯಿರಿ. ಅದನ್ನು ಎತ್ತಿ ತೋರಿಸಬೇಡಿ. ಅಂಥ ಚಿತ್ರದಲ್ಲೂ ಮಗುವಿನದೇ ಆದ ಒಂದು ಜಾಗ ಇದ್ದೇ ಇರುತ್ತದೆ, ಹೊಳೆಯಲ್ಲಿ ಅಡ್ಡಾದಿಡ್ಡಿಯಾದ ಒಂದು ಮೀನು, ಗುಡಿಸಲಿನ ಬಾಗಿಲಲ್ಲಿ ಒಂದು ಚಪ್ಪಲಿ. ನಿಮ್ಮ ಮಾತು ಪೂರ್ತಿ ಅದರ ಬಗ್ಗೆ ಇರಲಿ. ಮುಂದಿನ ಸಲ ಮೀನುಗಳು ಹೆಚ್ಚಾಗಿರುತ್ತವೆ, ಯಾವುದನ್ನು ನೋಡಿ ನಿಮಗೆ ಖುಷಿಯಾಯಿತು ಎಂಬುದು ಅಮ್ಮನಿಗೂ ಗೊತ್ತಾಗಿರುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ಯಾವಾಗ ಎಂದು ನೀವು ಕೇಳಬಹುದು. ಚಿತ್ರ ಒಂದೇ ಯಾವತ್ತೂ ಕಾರಣವಾಗುವುದಿಲ್ಲ. ಚೆನ್ನಾಗಿ ಬಿಡಿಸುತ್ತಿದ್ದ ಮಗು ವಾರಗಟ್ಟಲೆ ಬರೀ ಗೀಚಲು ಶುರುಮಾಡಿದೆ, ಪೆನ್ಸಿಲ್ ಹಿಡಿಯಲು ಕೈ ಸೋಲುತ್ತಿದೆ, ಹಾಳೆಯನ್ನು ಮೂಗಿಗೆ ಹತ್ತಿರ ತಂದು ನೋಡುತ್ತಿದೆ, ಪೆಟ್ಟು ಹೊಡೆಯುವ ಅಥವಾ ಮೈಮುಟ್ಟುವ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಬಿಡಿಸಿ ಅದರ ಬಗ್ಗೆ ಹೆದರಿ ಮಾತಾಡುತ್ತಿದೆ, ಜೊತೆಗೆ ನಿದ್ದೆ, ಊಟ, ಆಟ ಬದಲಾಗಿದೆ ಎಂದಾದರೆ ಆಗ ಸುಮ್ಮನಿರಬಾರದು. ಕಣ್ಣು ಕೈಯ ವಿಷಯವಾದರೆ ಅಮ್ಮನಿಗೆ ಫೋನ್ ಮಾಡಿ, ಮೆಸೇಜಿನಲ್ಲಿ ಬರೆಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿ. ಮಗುವಿಗೆ ಯಾರಿಂದಲೋ ಹಿಂಸೆಯಾಗುತ್ತಿದೆ ಎಂಬ ಸಂಶಯವಿದ್ದರೆ ಮನೆಗೆ ಫೋನ್ ಮಾಡುವ ಮೊದಲು ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಿಂಸೆ ಮನೆಯೊಳಗಿನದೇ ಆಗಿರಬಹುದು ಎಂಬುದು ಇದಕ್ಕೆ ಕಾರಣ. ಚಿತ್ರವನ್ನು ಸಾಕ್ಷಿಯಂತೆ ಹಿಡಿದು ಮಗುವನ್ನು ಪ್ರಶ್ನಿಸುವುದು ನಿಮ್ಮ ಕೆಲಸವಲ್ಲ.

ಕ್ಲಾಸಿನ ಗ್ರೂಪಿನಲ್ಲಿ ಚಿತ್ರ ಬಂದರೆ ಅಲ್ಲಿ ‘ನೋಡಿದೆ, ಪುಟ್ಟಿಗೆ ಬೇರೆಯಾಗಿ ಹೇಳ್ತೀನಿ’ ಎಂದು ಬರೆದು ಉತ್ತರವನ್ನು ಆ ಅಮ್ಮನಿಗೇ ಕಳಿಸಿ. ಗ್ರೂಪಿನಲ್ಲಿ ಒಂದು ಚಿತ್ರಕ್ಕೆ ನಾಲ್ಕು ಸಾಲು ಬರೆದರೆ ಸಂಜೆಯೊಳಗೆ ಹತ್ತು ಚಿತ್ರ ಬರುತ್ತವೆ, ಅವುಗಳಲ್ಲಿ ಅರ್ಧ ಅಮ್ಮಂದಿರು ಕೂರಿಸಿ ಬಿಡಿಸಿದವು. ಬಂದ ಚಿತ್ರವನ್ನು ಬೇರೆಯವರಿಗೆ ಕಳಿಸುವ ಮೊದಲು ಅಮ್ಮನನ್ನೂ ಮಗುವನ್ನೂ ಕೇಳಿ. ಮೂವತ್ತು ಮಕ್ಕಳಿಗೂ ಉದ್ದದ ಉತ್ತರ ಬರೆಯಲು ನಿಮಗೆ ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಬಿಡುವಿಲ್ಲದ ದಿನ ‘ಕರು ನೋಡ್ದೆ!’ ಎಂಬ ಎರಡೇ ಪದ ಕಳಿಸಿ, ಉಳಿದದ್ದನ್ನು ಮರುದಿನ ಬೆಂಚಿನ ಹತ್ತಿರ ಬಗ್ಗಿ ಮಾತಾಡಿ.

‘ಎಲ್ರಿಗೂ ಅದೇ ಹೇಳ್ತೀರಲ್ಲ’ ಎಂದ ಅಮ್ಮನಿಗೆ ಇನ್ನೊಂದು ಕೆಲಸ ಹೇಳಿ. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ಮಗುವಿನ ವಯಸ್ಸು, ಚಿತ್ರದ ಬಗ್ಗೆ ಅವಳು ಹೇಳಿದ ಮಾತು ಇದ್ದದ್ದು ಇದ್ದ ಹಾಗೆ ಬರೆದಿಡಲಿ. ಸ್ಕೆಚ್ ಪೆನ್ನು ಬೇಡ, ತೆಳು ಹಾಳೆಯಲ್ಲಿ ಈಚೆಗೆ ಇಳಿಯುತ್ತದೆ. ತಿಂಗಳಿಗೆ ಒಂದೆರಡು ಹಾಳೆ ಇಟ್ಟರೆ ಸಾಕು. ಆರು ತಿಂಗಳು ಕಳೆದ ಮೇಲೆ ಅವನ್ನು ನೆಲದ ಮೇಲೆ ಸಾಲಾಗಿ ಹರವಿದರೆ ಕೈ ಎಷ್ಟು ಪಳಗಿದೆ, ಹೊಸದಾಗಿ ಏನೇನು ಬಂದಿದೆ ಎಂಬುದು ಅವರಿಗೇ ಕಾಣುತ್ತದೆ. ಆ ಹಾಳೆಗಳನ್ನು ಪೋಷಕರ ಸಭೆಗೆ ತರಲಿ. ನೀವೂ ಅವರೂ ಕೂತು ನೋಡಲು ಅದಕ್ಕಿಂತ ಒಳ್ಳೆಯದು ಬೇರೆ ಇರುವುದಿಲ್ಲ.